ಹೊಳೆ ಹುಳ ಹಿಡಿದು ನೀರಿನ ಆರೋಗ್ಯ ಅಳೆಯೋದು: ಬಲೆಯಿಂದ ಬಯೋಟಿಕ್ ಸ್ಕೋರ್ ತನಕ

ಫ್ರೆಶ್‌ವಾಟರ್ ಇಕಾಲಜಿ ಪ್ರಾಕ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಕೊಡೋ ಕೆಲಸ ಇದು: ಹೊಳೆಗೆ ಒಂದು ಕಡೆ ಚರಂಡಿ ನೀರು ಬಂದು ಸೇರುತ್ತೆ, ಅದಕ್ಕಿಂತ ಮೇಲ್ಗಡೆ ಒಂದು ಜಾಗ, ಕೆಳಗಡೆ ಒಂದು ಜಾಗ, ಎರಡರಲ್ಲೂ ಹುಳ ಹಿಡಿದು ಸ್ಕೋರ್ ಹಾಕಿ ನೀರು ಎಷ್ಟು ಕೆಟ್ಟಿದೆ ಹೇಳಿ ಅಂತ. ಕೇಳೋಕೆ ಸುಲಭ. ಸ್ಕೋರ್ ಕೂಡಿಸೋದು ನಿಜವಾಗ್ಲೂ ಸುಲಭಾನೇ, ಬರೀ ಸಂಕಲನ ಭಾಗಾಕಾರ. ಕಷ್ಟ ಇರೋದು ಎರಡು ಜಾಗದ ಸ್ಕೋರ್ ಬೇರೆ ಬಂದಾಗ ಆ ವ್ಯತ್ಯಾಸ ಚರಂಡಿಯಿಂದ ಬಂತಾ, ಅಥವಾ ನೀವು ಬಲೆ ಹಿಡಿದ ರೀತಿಯಿಂದ ಬಂತಾ ಅಂತ ಹೇಳೋದ್ರಲ್ಲಿ. ಅದಕ್ಕೇ ಇಲ್ಲಿ ಬಿಎಂಡಬ್ಲ್ಯುಪಿ ಅನ್ನೋ ಒಂದೇ ಸ್ಕೋರ್ ಇಟ್ಕೊಂಡು ಪೂರ್ತಿ ಒಂದು ಕೇಸ್ ಲೆಕ್ಕ ಹಾಕಿ ತೋರಿಸ್ತೀನಿ, ಕೊನೆಗೆ ಅದನ್ನ ಚೆಕ್ ಮಾಡೋಕೆ ಇನ್ನೊಂದು ಇಂಡೆಕ್ಸ್ ಜೊತೆ ಹೋಲಿಸೋಣ.

ಹುಳ ಯಾಕೆ, ಬಾಟ್ಲಿ ನೀರು ಯಾಕೆ ಸಾಲಲ್ಲ

ಬಾಟ್ಲಿಯಲ್ಲಿ ತುಂಬ್ಕೊಂಡ ನೀರು ಆ ನಿಮಿಷದ ಕಥೆ ಮಾತ್ರ ಹೇಳುತ್ತೆ. ಕೊಳಚೆ ಸೇರಿದ ಹೊಳೆಯಲ್ಲಿ ಬ್ಯಾಕ್ಟೀರಿಯಾ ಆ ಕೊಳಚೆ ತಿಂತಾ ನೀರಲ್ಲಿ ಕರಗಿರೋ ಆಕ್ಸಿಜನ್ ಖಾಲಿ ಮಾಡ್ತವೆ, ಹಗಲಲ್ಲಿ ಪಾಚಿ ಬಿಸಿಲಿಗೆ ಆಕ್ಸಿಜನ್ ಬಿಡ್ತಾ ಇರುತ್ತೆ ಆದ್ರಿಂದ ಮಧ್ಯಾಹ್ನ ಮೀಟರ್ ಇಟ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ, ರಾತ್ರಿ ಪಾಚಿನೂ ಆಕ್ಸಿಜನ್ ಬಿಡದೇ ಬರೀ ಉಸಿರಾಡ್ತಾ ಇರೋದ್ರಿಂದ ಬೆಳಗಿನ ಜಾವಕ್ಕೆ ಆಕ್ಸಿಜನ್ ಪಾತಾಳಕ್ಕೆ ಇಳಿದಿರುತ್ತೆ. ಆ ಹೊತ್ತಲ್ಲಿ ನೀವು ಅಲ್ಲಿರಲ್ಲ, ಆದ್ರೆ ಕಲ್ಲಿನ ಕೆಳಗಿರೋ ಸ್ಟೋನ್‌ಫ್ಲೈ ಮರಿ ಇರುತ್ತೆ. ಪರ್ಲಿಡೇ ಕುಟುಂಬದ ದೊಡ್ಡ ಸ್ಟೋನ್‌ಫ್ಲೈಗಳಲ್ಲಿ ಎಷ್ಟೋ ಜಾತಿಗಳು ರೆಕ್ಕೆ ಬರೋ ಮುಂಚೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೀರಲ್ಲೇ ಕಳೀತವೆ. ಚೆನ್ನಾಗಿ ಬೆಳೆದ ಪರ್ಲಿಡೇ ಮರಿಗಳು ಒಂದು ಜಾಗದಲ್ಲಿ ಸಿಕ್ತಿವೆ ಅಂದ್ರೆ ಅಷ್ಟು ಕಾಲ ಅಲ್ಲಿ ಉಸಿರುಗಟ್ಟೋ ಅಂಥ ರಾತ್ರಿ ಬಂದಿಲ್ಲ ಅಂತ ಅಂದ್ಕೋಬಹುದು.

ಈ ಯೋಚನೆಯನ್ನ ನಂಬರ್ ಮಾಡಿದ್ದೇ ಬಯೋಟಿಕ್ ಸ್ಕೋರ್. ಬ್ರಿಟನ್ನಿನಲ್ಲಿ 1976ರಲ್ಲಿ ಬಯೋಲಾಜಿಕಲ್ ಮಾನಿಟರಿಂಗ್ ವರ್ಕಿಂಗ್ ಪಾರ್ಟಿ ಅಂತ ಒಂದು ತಂಡ ಮಾಡಿದ್ರು, ಅದರ ಹೆಸರಿನ ಮೊದಲಕ್ಷರಗಳೇ ಬಿಎಂಡಬ್ಲ್ಯುಪಿ. ಕೊಳಚೆಯನ್ನ ಸ್ವಲ್ಪಾನೂ ತಡ್ಕೊಳ್ಳದ ಕುಟುಂಬಕ್ಕೆ 10, ಎಂಥ ಗಲೀಜಲ್ಲೂ ಬದುಕೋ ಹುಳಕ್ಕೆ 1, ಮಿಕ್ಕಿದ್ದೆಲ್ಲ ನಡುವೆ. ಜಾತಿ ಮಟ್ಟದವರೆಗೆ ಗುರುತಿಸೋದು ಬೇಕಿಲ್ಲ, ಕುಟುಂಬ ಗೊತ್ತಾದ್ರೆ ಸಾಕು. ಎಷ್ಟು ಹುಳ ಸಿಕ್ತು ಅನ್ನೋದೂ ಇಲ್ಲಿ ಲೆಕ್ಕಕ್ಕಿಲ್ಲ, ಆ ಕುಟುಂಬ ಇದೆಯಾ ಇಲ್ವಾ ಅಷ್ಟೇ. ಈ ಸರಳತೆಯೇ ಇದರ ಅನುಕೂಲ, ಇದರ ದೌರ್ಬಲ್ಯನೂ ಅದೇ, ಮುಂದೆ ನೋಡ್ತೀರ.

ಒಂದು ಮಾತು ಈಗಲೇ ಹೇಳ್ಬಿಡ್ತೀನಿ. ಮೂಲ ಟೇಬಲ್ ಬ್ರಿಟನ್ನಿನ ಹೊಳೆಗಳಿಗೆ ಮಾಡಿದ್ದು. ಬೇರೆ ದೇಶಗಳು ತಮ್ಮ ಹುಳಗಳಿಗೆ ತಕ್ಕಂತೆ ಅದನ್ನ ತಿದ್ಕೊಂಡಿವೆ, ಥಾಯ್ಲೆಂಡಿಗೆ ಅಂತ ಒಂದು ಆವೃತ್ತಿ ಇದೆ, ದಕ್ಷಿಣ ಆಫ್ರಿಕಾದವರು ಸಾಸ್ ಅಂತ ತಮ್ಮದೇ ಪದ್ಧತಿ ಇಟ್ಕೊಂಡಿದ್ದಾರೆ. ಬ್ರಿಟನ್ನಿನಲ್ಲೇ ಈಗ ಅಧಿಕೃತ ಕೆಲಸಕ್ಕೆ ಹುಳಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ತಗೊಳ್ಳೋ ಡಬ್ಲ್ಯುಎಚ್‌ಪಿಟಿ ಬಂದಿದೆ. ನಿಮ್ಮ ಕೈಯಲ್ಲಿ ಯಾವ ಟೇಬಲ್ ಇದೆ ಅಂತ ರಿಪೋರ್ಟ್‌ನ ಮೊದಲ ಪುಟದಲ್ಲೇ ಬರೀರಿ, ಒಂದು ಟೇಬಲ್ಲಿಂದ ಮೇಫ್ಲೈ ಅಂಕ, ಇನ್ನೊಂದರಿಂದ ಬಸವನಹುಳದ ಅಂಕ ಅಂತ ಕಲಸ್ಬೇಡಿ. ಇಲ್ಲಿ ನಾನು ಬಳಸೋದು ಮೂಲ ಟೇಬಲ್ಲಿನ ಅಂಕಗಳು.

ಜಾಗ ಆರಿಸೋದು

ಅರ್ಧ ಪ್ರಾಕ್ಟಿಕಲ್ ಕೆಡೋದು ಇಲ್ಲೇ. ಮೇಲ್ಗಡೆ ಜಾಗದಲ್ಲಿ ನೀರು ಕಲ್ಲುಗಳ ಮೇಲೆ ಜುಳುಜುಳು ಅಂತ ತೆಳ್ಳಗೆ ಹರೀತಿದೆ, ಕೆಳಗಡೆ ಜಾಗದಲ್ಲಿ ನೀರು ನಿಂತ ಮಡು, ತಳದಲ್ಲಿ ಕೆಸರು. ಇವೆರಡನ್ನ ಹೋಲಿಸಿದ್ರೆ ಚರಂಡಿ ಇಲ್ಲದಿದ್ರೂ ಕೆಳಗಿನ ಸ್ಕೋರ್ ಕಡಿಮೆನೇ ಬರುತ್ತೆ, ಯಾಕಂದ್ರೆ ಹೆಚ್ಚು ಅಂಕದ ಸ್ಟೋನ್‌ಫ್ಲೈ, ಚಪ್ಪಟೆ ಮೇಫ್ಲೈ ಇವೆಲ್ಲ ಹರಿಯೋ ನೀರಿನ ಕಲ್ಲಿಗೆ ಅಂಟ್ಕೊಂಡು ಬದುಕೋವು, ಮಡುವಲ್ಲಿ ಅವು ಮೊದಲೇ ಇರಲ್ಲ. ಆದ್ದರಿಂದ ಎರಡೂ ಕಡೆ ಒಂದೇ ತರದ ಜಾಗ ಹುಡುಕಿ: ಸುಮಾರು ಅಷ್ಟೇ ಆಳ, ಅಷ್ಟೇ ವೇಗ, ಅದೇ ಸೈಜಿನ ಕಲ್ಲು, ಅಷ್ಟೇ ಮರದ ನೆರಳು. ನಾಲ್ಕನ್ನೂ ಅಳೆದು ಬರ್ಕೊಳ್ಳಿ, ವೇಗಕ್ಕೆ ತೇಲೋ ಏನಾದ್ರೂ ಬಿಟ್ಟು 10 ಮೀಟರ್ ದಾಟೋಕೆ ಎಷ್ಟು ಸೆಕೆಂಡ್ ಅಂತ ನೋಡಿದ್ರೆ ಸಾಕು.

ಇನ್ನೊಂದು, ಕೆಳಗಿನ ಜಾಗ ಚರಂಡಿ ಬಾಯಿಗೆ ಅಂಟ್ಕೊಂಡೇ ಇರ್ಬಾರದು. ಚರಂಡಿ ನೀರು ಸ್ವಲ್ಪ ದೂರ ಒಂದು ದಡದ ಪಕ್ಕದಲ್ಲೇ ಪಟ್ಟೆ ತರ ಹರಿಯುತ್ತೆ, ಹೊಳೆ ಜೊತೆ ಬೆರೆಯೋಕೆ ದೂರ ಬೇಕು. ನೀವು ಆಚೆ ದಡದಲ್ಲಿ ಬಲೆ ಹಾಕಿದ್ರೆ ಶುದ್ಧ ನೀರನ್ನೇ ಅಳೆದಿರ್ತೀರ. ಕಂಡಕ್ಟಿವಿಟಿ ಮೀಟರ್ ಇದ್ರೆ ಹೊಳೆಯನ್ನ ಅಡ್ಡಡ್ಡ ದಾಟ್ತಾ ರೀಡಿಂಗ್ ತಗೊಳ್ಳಿ, ಎರಡೂ ದಡದಲ್ಲಿ ಒಂದೇ ರೀಡಿಂಗ್ ಬಂದ ಕಡೆ ನೀರು ಬೆರೆತಿದೆ ಅಂತ ಅರ್ಥ.

ಆಗೋದಾದ್ರೆ ಚರಂಡಿಯ ಮೇಲ್ಗಡೆ ಒಂದಲ್ಲ ಎರಡು ಜಾಗ ಮಾಡಿ. ಆ ಎರಡರ ನಡುವೆ ಚರಂಡಿ ಇಲ್ಲ, ಆದ್ರೂ ಸ್ಕೋರ್ ಸ್ವಲ್ಪ ಬೇರೆ ಬರುತ್ತೆ. ಸುಮ್ನೆ ಇದ್ರೂ ಎಷ್ಟು ಏರುಪೇರು ಆಗುತ್ತೆ ಅನ್ನೋದು ಅದರಿಂದ ಗೊತ್ತಾಗುತ್ತೆ, ಕೆಳಗಿನ ಜಾಗದ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದಿದ್ರೆ ಮಾತ್ರ ಮಾತಾಡೋಕೆ ಅರ್ಥ. ಜೋರು ಮಳೆ ಬಂದು ಹೊಳೆ ಕೆಂಪಗೆ ತುಂಬಿ ಹರಿದಿದ್ರೆ ಎರಡು ಮೂರು ವಾರ ಬಿಟ್ಟು ಹೋಗಿ. ಪ್ರವಾಹ ಕಲ್ಲುಗಳನ್ನ ಉರುಳಿಸಿ ಹುಳಗಳನ್ನೆಲ್ಲ ಕೊಚ್ಕೊಂಡು ಹೋಗಿರುತ್ತೆ, ಖಾಲಿ ಹೊಳೆ ನೋಡಿ ಮಾಲಿನ್ಯ ಅಂತ ಬರೆದು ಬರ್ತೀರ.

ಬಲೆ ಹಾಕೋದು

ಬೇಕಾಗಿರೋದು: ಉದ್ದ ಕೋಲಿನ ಕೈಬಲೆ, ಚೌಕಟ್ಟು ಸುಮಾರು 25 ಸೆಂಟಿಮೀಟರ್ ಅಗಲ, ಕಣ್ಣು 0.5 ಮಿಲಿಮೀಟರ್. ಸ್ಟಾಪ್‌ವಾಚ್, ಬಿಳಿ ಟ್ರೇ, ಬಕೆಟ್, ಚಿಮಟ, ಡ್ರಾಪರ್, ಮುಚ್ಚಳ ಗಟ್ಟಿ ಇರೋ ಡಬ್ಬಿಗಳು, ಆಲ್ಕೋಹಾಲ್. ಗಮ್‌ಬೂಟ್, ಕೈಗೆ ಉದ್ದ ಗ್ಲೌಸ್. ಕೊಳಚೆ ನೀರಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ಇರ್ಬಹುದು, ಕೈಯಲ್ಲಿ ಗಾಯ ಇದ್ರೆ ಇಳಿಯೋದೇ ಬೇಡ. ಮೊಣಕಾಲಿಗಿಂತ ಮೇಲೆ ನೀರಿದ್ರೆ, ಅಥವಾ ತಳ ಕಾಣಿಸದೇ ಇದ್ರೆ ವಾಪಸ್ ಬನ್ನಿ. ಒಬ್ಬರೇ ಯಾವತ್ತೂ ಇಳೀಬೇಡಿ.

ಯಾವಾಗ್ಲೂ ಕೆಳಗಡೆ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲೆ ಮೊದಲು ಕೆದಕಿದ್ರೆ ಎದ್ದ ಹುಳಗಳು ತೇಲ್ಕೊಂಡು ಬಂದು ಕೆಳಗಿನ ಸ್ಯಾಂಪಲ್ಲಿಗೆ ಸೇರ್ತವೆ. ಒಂದು ಜಾಗದ ಒಳಗೂ ಅದೇ ನಿಯಮ, ನೀರಿಗೆ ಎದುರಾಗಿ ಹೆಜ್ಜೆ ಇಡ್ತಾ ಹೋಗ್ಬೇಕು.

ಬಲೆಯ ಬಾಯಿ ನೀರು ಬರೋ ಕಡೆಗೆ ಇರ್ಲಿ, ಚೌಕಟ್ಟಿನ ಕೆಳ ಅಂಚು ತಳಕ್ಕೆ ಒತ್ತಿರ್ಬೇಕು, ಇಲ್ಲಾಂದ್ರೆ ಹುಳ ಅಡಿಯಿಂದ ಜಾರ್ಕೊಂಡು ಹೋಗುತ್ತೆ. ನೀವು ಬಲೆಗಿಂತ ಮೇಲ್ಗಡೆ ನಿಂತು ಕಾಲಲ್ಲಿ ತಳದ ಕಲ್ಲುಗಳನ್ನ ಜೋರಾಗಿ ಕೆದಕಿ ತಿರುಚಿ, ಎದ್ದಿದ್ದೆಲ್ಲ ಹರಿವಿನ ಜೊತೆ ಬಲೆಗೆ ಬೀಳುತ್ತೆ. ಇದಕ್ಕೆ ಕಿಕ್ ಸ್ಯಾಂಪ್ಲಿಂಗ್ ಅಂತಾರೆ. ಒಟ್ಟು 3 ನಿಮಿಷ, ಕೆದಕೋ ಹೊತ್ತು ಮಾತ್ರ ಲೆಕ್ಕ, ನಡೆಯೋ ಹೊತ್ತು ವಾಚ್ ನಿಲ್ಲಿಸಿ. ಆ 3 ನಿಮಿಷವನ್ನ ಜಾಗದಲ್ಲಿರೋ ಆವಾಸಗಳಿಗೆ ಹಂಚ್ಬೇಕು: ತಳದ ಮುಕ್ಕಾಲು ಭಾಗ ಕಲ್ಲು, ಕಾಲು ಭಾಗ ದಡದ ಗಿಡಬೇರು ಅಂದ್ರೆ ಕಲ್ಲಿಗೆ 135 ಸೆಕೆಂಡ್, ಬೇರಿನ ಹತ್ರ 45 ಸೆಕೆಂಡ್. ಆಮೇಲೆ 1 ನಿಮಿಷ ಕೈಯಲ್ಲಿ ಹುಡುಕಾಟ, ದೊಡ್ಡ ಕಲ್ಲುಗಳನ್ನ ಎತ್ತಿ ಅಡಿಯಲ್ಲಿ ಗಟ್ಟಿಯಾಗಿ ಅಂಟಿರೋ ಕ್ಯಾಡಿಸ್ ಗೂಡು, ಜಿಗಣೆ ಇವನ್ನ ಬಿಡಿಸಿ ಹಾಕ್ಕೊಳ್ಳಿ, ನೀರ ಮೇಲೆ ಓಡಾಡೋ ಹುಳಗಳನ್ನೂ ಹಿಡೀರಿ.

ಕೆಳಗಡೆ ಒಬ್ಬ ಗಟ್ಟಿಮುಟ್ಟಾದವನು ಕೆದಕಿ ಮೇಲ್ಗಡೆ ಇನ್ನೊಬ್ಬಳು ನಾಜೂಕಾಗಿ ಕೆದಕಿದ್ರೆ ಅದೂ ಒಂದು ವ್ಯತ್ಯಾಸಾನೇ. ಎಲ್ಲಾ ಜಾಗಕ್ಕೂ ಒಬ್ಬರೇ ಕಾಲಾಡ್ಸಿ. ಪ್ರತಿ ಜಾಗದಲ್ಲಿ 3 ಸ್ಯಾಂಪಲ್ ತಗೊಂಡು ಬೇರೆ ಬೇರೆ ಡಬ್ಬಿಯಲ್ಲೇ ಇಡಿ, ಒಟ್ಟಿಗೆ ಸುರೀಬೇಡಿ.

ಒಂದು ಜಾಗದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬಲೆಯನ್ನ ಒಳಗಿಂದ ಹೊರಗೆ ತಿರುಗಿಸಿ ತೊಳೀರಿ, ಬಲೆಯ ಹೊಲಿಗೆಯಲ್ಲಿ ಸಿಕ್ಕಿಹಾಕ್ಕೊಂಡ ಒಂದು ಹುಳ ಸಾಕು ಲೆಕ್ಕ ಕೆಡಿಸೋಕೆ. ಸಾಕು ಅಂತ ಉತ್ಪ್ರೇಕ್ಷೆ ಮಾಡ್ತಿಲ್ಲ, ಎಷ್ಟು ಕೆಡುತ್ತೆ ಅಂತ ಅಂಕಿ ಹಾಕೇ ತೋರಿಸ್ತೀನಿ.

ಟ್ರೇಯಲ್ಲಿ ಆರಿಸೋದು, ಗುರುತಿಸೋದು

ಸ್ಯಾಂಪಲ್‌ನ ಸ್ವಲ್ಪ ಸ್ವಲ್ಪವೇ ಬಿಳಿ ಟ್ರೇಗೆ ಹಾಕಿ, ಒಂದೆರಡು ಸೆಂಟಿಮೀಟರ್ ನೀರು ಇರ್ಲಿ. ಮೊದಲು ಒಂದು ನಿಮಿಷ ಏನೂ ಮುಟ್ಟದೇ ಸುಮ್ನೆ ನೋಡಿ. ಬದುಕಿರೋ ಹುಳ ತನ್ನ ಚಲನೆಯಲ್ಲೇ ಅರ್ಧ ಗುರುತು ಹೇಳ್ಬಿಡುತ್ತೆ: ಬೀಟಿಡೇ ಮೇಫ್ಲೈ ಪುಟ್ಟ ಮೀನಿನ ತರ ಸರ್ ಅಂತ ಈಜುತ್ತೆ, ಹೆಪ್ಟಜೀನಿಡೇ ಮೇಫ್ಲೈ ಈಜೋ ಬದಲು ಟ್ರೇ ತಳಕ್ಕೆ ಚಪ್ಪಟೆಯಾಗಿ ಒತ್ಕೊಂಡು ಏಡಿ ತರ ಪಕ್ಕಕ್ಕೆ ಓಡುತ್ತೆ, ಕೈರೊನೊಮಿಡೇ ಲಾರ್ವಾ ಎಂಟರ ಆಕಾರ ಮಾಡ್ಕೊಂಡು ಹೊರಳಾಡುತ್ತೆ. ಲ್ಯಾಬ್‌ಗೆ ತಗೊಂಡು ಹೋಗೋದಾದ್ರೆ 70 ಪರ್ಸೆಂಟ್ ಆಲ್ಕೋಹಾಲ್ ಸಾಕು, ಆದ್ರೆ ಸ್ಯಾಂಪಲ್ ಜೊತೆ ಬಂದ ನೀರು ಅದನ್ನ ತೆಳು ಮಾಡುತ್ತೆ, ಹಾಗಾಗಿ ಮೊದಲ ಸಲ ಗಾಢವಾದ್ದು ಹಾಕಿ ಮಾರನೇ ದಿನ ಬದಲಾಯಿಸಿ. ಡಬ್ಬಿಯೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿ, ಪೆನ್ನಿನ ಇಂಕು ಆಲ್ಕೋಹಾಲ್‌ನಲ್ಲಿ ಅಳಿಸಿಹೋಗುತ್ತೆ.

ಗುರುತಿಸೋದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗೋದು ಮೇಫ್ಲೈ ಮತ್ತು ಸ್ಟೋನ್‌ಫ್ಲೈ ನಡುವೆ. ಮೇಫ್ಲೈಗೆ ಮೂರು ಬಾಲ, ಸ್ಟೋನ್‌ಫ್ಲೈಗೆ ಎರಡು ಅಂತ ಹೇಳ್ಕೊಡ್ತಾರೆ. ಇದನ್ನ ನಂಬಿದ್ರೆ ಕೈ ಕೊಡುತ್ತೆ, ಯಾಕಂದ್ರೆ ಬಲೆಯಲ್ಲಿ ಬಾಲ ಮುರಿಯೋದು ಮಾಮೂಲು, ಜೊತೆಗೆ ಎರಡೇ ಬಾಲದ ಮೇಫ್ಲೈಗಳೂ ಇವೆ. ಕಾಲಿನ ತುದಿ ನೋಡಿ. ಮೇಫ್ಲೈಗೆ ಪ್ರತಿ ಕಾಲಲ್ಲೂ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡು. ಆಮೇಲೆ ಕಿವಿರು: ಮೇಫ್ಲೈಗೆ ಹೊಟ್ಟೆಯ ಎರಡೂ ಪಕ್ಕ ಎಲೆ ತರ ಸಾಲಾಗಿರುತ್ತೆ, ಪರ್ಲಿಡೇ ಸ್ಟೋನ್‌ಫ್ಲೈಗೆ ಕಾಲುಗಳ ಬುಡದಲ್ಲಿ ಎದೆಯ ಕೆಳಗೆ ಬಿಳಿ ದಾರದ ಗೊಂಚಲು ತರ.

ಮೇಫ್ಲೈಗಳ ಒಳಗೆ ಕುಟುಂಬ ಬೇರೆ ಮಾಡೋದು ತಪ್ಪಿಸೋ ಹಾಗಿಲ್ಲ, ಯಾಕಂದ್ರೆ ಇಲ್ಲಿ ಅಂಕ 10ರಿಂದ 4ರ ತನಕ ಹರಡಿದೆ. ತಲೆ ಚಪ್ಪಟೆ, ಕಣ್ಣು ತಲೆಯ ಮೇಲ್ಭಾಗದಲ್ಲಿ ಇದ್ರೆ ಹೆಪ್ಟಜೀನಿಡೇ, 10. ಕಿವಿರು ಒಂದೊಂದೂ ಕವಲೊಡೆದು ಎರಡು ಎಳೆ ಆಗಿದ್ರೆ ಸಾಮಾನ್ಯವಾಗಿ ಲೆಪ್ಟೊಫ್ಲೆಬಿಡೇ, ಅದಕ್ಕೂ 10. ಒಂದು ಜೊತೆ ಕಿವಿರು ಚೌಕದ ಮುಚ್ಚಳ ತರ ದೊಡ್ಡದಾಗಿ ಹಿಂದಿನ ಕಿವಿರುಗಳನ್ನ ಮುಚ್ಕೊಂಡಿದ್ರೆ, ಹುಳ ಪುಟ್ಟದಾಗಿ ಮೈ ತುಂಬ ಹೂಳು ಹತ್ಕೊಂಡಿದ್ರೆ ಸೀನಿಡೇ, 7. ದುಂಡಗೆ ಸಪೂರವಾಗಿ ಮೀನಿನ ಮೈಕಟ್ಟು ಇದ್ರೆ ಬೀಟಿಡೇ, ಬರೀ 4. ಎಲ್ಲಾ ಮೇಫ್ಲೈ ಅಂದ್ರೆ ಶುದ್ಧ ನೀರು ಅನ್ನೋ ಮಾತು ಎಷ್ಟು ಪೊಳ್ಳು ಅಂತ ಬೀಟಿಡೇ ಒಂದೇ ಸಾಕು ತೋರಿಸೋಕೆ, ಅದು ಸುಮಾರಾಗಿ ಕೆಟ್ಟ ನೀರಲ್ಲೂ ರಾಶಿ ರಾಶಿ ಸಿಗುತ್ತೆ.

ಗೂಡು ಕಟ್ಟದ ಕ್ಯಾಡಿಸ್‌ಗಳಲ್ಲಿ ಎದೆಯ ಮೂರೂ ಭಾಗದ ಮೇಲೆ ಗಟ್ಟಿ ಕಂದು ತಟ್ಟೆ, ಹೊಟ್ಟೆ ಕೆಳಗೆ ಪೊದೆ ತರ ಕಿವಿರು ಇದ್ರೆ ಹೈಡ್ರೊಸೈಕಿಡೇ, 5. ಮೊದಲ ಭಾಗ ಮಾತ್ರ ಗಟ್ಟಿ, ತಲೆ ಕಿತ್ತಳೆ ಹಳದಿ, ಬಾಯಿಯ ಮುಂದೆ ಮೆತ್ತಗಿರೋ ಬಿಳಿ ಟಿ ಆಕಾರದ ತುಟಿ ಇದ್ರೆ ಫಿಲೊಪೊಟಾಮಿಡೇ, 8. ಖಾಲಿ ಗೂಡು, ಹುಳ ಕಳಚಿದ ಪೊರೆ, ಖಾಲಿ ಚಿಪ್ಪು ಇವಕ್ಕೆ ಅಂಕ ಇಲ್ಲ, ಅವು ಎಲ್ಲಿಂದಲೋ ತೇಲಿ ಬಂದಿರ್ಬಹುದು. ಒಂದೇ ಕುಟುಂಬದ ದುಂಬಿಯೂ ಸಿಕ್ತು, ಅದರ ಲಾರ್ವಾನೂ ಸಿಕ್ತು ಅಂದ್ರೆ ಒಂದೇ ಸಲ ಅಂಕ.

ಲೆಕ್ಕ

ಈಗ ಕೇಸ್. ಲೆಕ್ಕ ತೋರಿಸೋಕೆ ಅಂತ ನಾನೇ ಮಾಡ್ಕೊಂಡ ಉದಾಹರಣೆ ಇದು, ಆದ್ರೆ ಇಂಥ ಹೊಳೆಯಲ್ಲಿ ಸಿಗೋ ತರದ್ದೇ ಪಟ್ಟಿ. ಎ ಅಂದ್ರೆ ಚರಂಡಿಯ ಮೇಲ್ಗಡೆ, ಬಿ ಅಂದ್ರೆ ಕೆಳಗಡೆ, ಎರಡೂ ಒಂದೇ ತರದ ಕಲ್ಲುತಳ.

| ಕುಟುಂಬ | ಅಂಕ | ಎ | ಬಿ |
|---|---|---|---|
| ಪರ್ಲಿಡೇ (ಸ್ಟೋನ್‌ಫ್ಲೈ) | 10 | ಇದೆ | – |
| ಹೆಪ್ಟಜೀನಿಡೇ (ಮೇಫ್ಲೈ) | 10 | ಇದೆ | – |
| ಲೆಪ್ಟೊಫ್ಲೆಬಿಡೇ (ಮೇಫ್ಲೈ) | 10 | ಇದೆ | – |
| ಫಿಲೊಪೊಟಾಮಿಡೇ (ಕ್ಯಾಡಿಸ್) | 8 | ಇದೆ | – |
| ಗಾಂಫಿಡೇ (ಏರೋಪ್ಲೇನ್ ಚಿಟ್ಟೆ ಮರಿ) | 8 | ಇದೆ | – |
| ಸೀನಿಡೇ (ಮೇಫ್ಲೈ) | 7 | ಇದೆ | ಇದೆ |
| ಹೈಡ್ರೊಸೈಕಿಡೇ (ಕ್ಯಾಡಿಸ್) | 5 | ಇದೆ | ಇದೆ |
| ಎಲ್ಮಿಡೇ (ದುಂಬಿ) | 5 | ಇದೆ | – |
| ಸಿಮುಲಿಡೇ (ಬ್ಲ್ಯಾಕ್‌ಫ್ಲೈ) | 5 | ಇದೆ | ಇದೆ |
| ಟಿಪುಲಿಡೇ (ಕ್ರೇನ್‌ಫ್ಲೈ) | 5 | ಇದೆ | – |
| ಬೀಟಿಡೇ (ಮೇಫ್ಲೈ) | 4 | ಇದೆ | ಇದೆ |
| ಎರ್ಪೊಬ್ಡೆಲ್ಲಿಡೇ (ಜಿಗಣೆ) | 3 | – | ಇದೆ |
| ಫೈಸಿಡೇ (ಬಸವನಹುಳ) | 3 | – | ಇದೆ |
| ಲಿಮ್ನಿಯಿಡೇ (ಬಸವನಹುಳ) | 3 | – | ಇದೆ |
| ಕೈರೊನೊಮಿಡೇ (ಮಿಡ್ಜ್) | 2 | ಇದೆ | ಇದೆ |
| ಆಲಿಗೊಕೀಟಾ (ನೀರಿನ ಎರೆಹುಳ) | 1 | ಇದೆ | ಇದೆ |

ಎ ಜಾಗದ ಅಂಕಗಳನ್ನ ಕೂಡಿಸಿದ್ರೆ 80, ಇದೇ ಬಿಎಂಡಬ್ಲ್ಯುಪಿ ಸ್ಕೋರ್. ಕುಟುಂಬ 13. 80ನ್ನ 13ರಿಂದ ಭಾಗಿಸಿದ್ರೆ 6.15, ಇದಕ್ಕೆ ಎಎಸ್‌ಪಿಟಿ ಅಂತಾರೆ, ಅಂದ್ರೆ ಒಂದು ಕುಟುಂಬಕ್ಕೆ ಸರಾಸರಿ ಎಷ್ಟು ಅಂಕ ಅಂತ. ಬಿ ಜಾಗಕ್ಕೆ ಸ್ಕೋರ್ 33, ಕುಟುಂಬ 9, ಎಎಸ್‌ಪಿಟಿ 3.67. ಎಲ್ಲಾ ಕಡೆ ಓಡಾಡೋ ದರ್ಜೆ ಪಟ್ಟಿಯ ಪ್ರಕಾರ ಬಿಎಂಡಬ್ಲ್ಯುಪಿ 71ರಿಂದ 100 ಒಳ್ಳೇದು, 41ರಿಂದ 70 ಸಾಧಾರಣ, 11ರಿಂದ 40 ಕಳಪೆ. ಎಎಸ್‌ಪಿಟಿ 6ಕ್ಕಿಂತ ಮೇಲಿದ್ರೆ ಶುದ್ಧ, 4ಕ್ಕಿಂತ ಕೆಳಗಿದ್ರೆ ಜೋರು ಮಾಲಿನ್ಯದ ಸೂಚನೆ.

ಎರಡು ನಂಬರ್ ಯಾಕೆ ಬೇಕು? ಎ ಜಾಗದಲ್ಲಿ ನೀವು ಸೋಮಾರಿತನ ಮಾಡಿ 3 ನಿಮಿಷದ ಬದಲು 1 ನಿಮಿಷ ಕೆದಕಿ ಬಂದ್ರಿ, ವಿರಳವಾಗಿದ್ದ ಗಾಂಫಿಡೇ, ಟಿಪುಲಿಡೇ, ಫಿಲೊಪೊಟಾಮಿಡೇ ಮೂರೂ ತಪ್ಪಿಹೋದ್ವು ಅಂದ್ಕೊಳ್ಳಿ. ಸ್ಕೋರ್ 80ರಿಂದ 59ಕ್ಕೆ ಬೀಳುತ್ತೆ, ಹೊಳೆ ಕುಳಿತಲ್ಲೇ ಒಳ್ಳೇದರಿಂದ ಸಾಧಾರಣಕ್ಕೆ ಇಳಿದುಹೋಯ್ತು. ಎಎಸ್‌ಪಿಟಿ ಮಾತ್ರ 59 ಭಾಗ 10, ಅಂದ್ರೆ 5.90, ಬಿದ್ದಿದ್ದು ಕಾಲು ಅಂಕ. ಒಟ್ಟು ಸ್ಕೋರ್ ನಿಮ್ಮ ಶ್ರಮದ ಜೊತೆ ಬೆಳೆಯುತ್ತೆ, ಸರಾಸರಿ ಅಷ್ಟಾಗಿ ಬೆಳೆಯಲ್ಲ. ಅದಕ್ಕೇ ಜಾಗಗಳನ್ನ ಹೋಲಿಸುವಾಗ ನಾನು ಮೊದಲು ನೋಡೋದು ಎಎಸ್‌ಪಿಟಿ.

ಆದ್ರೆ ಎಎಸ್‌ಪಿಟಿಗೂ ಒಂದು ಕಾಯಿಲೆ ಇದೆ, ಕುಟುಂಬ ಕಡಿಮೆ ಇದ್ದಾಗ ಅದು ಜೋರಾಗಿ ಕುಣಿಯುತ್ತೆ. ಬಿ ಜಾಗಕ್ಕೆ ಮೇಲಿಂದ ತೇಲಿ ಬಂದ ಒಂದೇ ಒಂದು ಹೆಪ್ಟಜೀನಿಡೇ ಬಲೆಗೆ ಬಿತ್ತು, ಅಥವಾ ಆಗ ಹೇಳಿದ ಹೊಲಿಗೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಸ್ಕೋರ್ 43, ಕುಟುಂಬ 10, ಎಎಸ್‌ಪಿಟಿ 4.30. ಒಂದು ಹುಳಕ್ಕೆ ಕಳಪೆ ಹೋಗಿ ಸಾಧಾರಣ ಆಯ್ತು.

ಹುಳ ಎಣಿಸಿ ಚೆಕ್ ಮಾಡೋದು

ಇಂಥ ಅನುಮಾನ ಬಂದಾಗ ಹಿಲ್ಸೆನ್‌ಹಾಫ್‌ನ ಫ್ಯಾಮಿಲಿ ಬಯೋಟಿಕ್ ಇಂಡೆಕ್ಸ್ ಹಾಕಿ ನೋಡಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾಡಿದ್ದು, 1988ರಲ್ಲಿ ಪ್ರಕಟ ಆಯ್ತು. ಇಲ್ಲಿ ದಿಕ್ಕು ಉಲ್ಟಾ, ಅದನ್ನ ಮರೆತ್ರೆ ಪೂರ್ತಿ ತಲೆಕೆಳಗಾಗುತ್ತೆ: ಅಂಕ ಹೆಚ್ಚಿದ್ದಷ್ಟೂ ಹುಳ ಕೊಳಚೆ ತಡ್ಕೊಳ್ಳುತ್ತೆ, ಇಂಡೆಕ್ಸ್ ಹೆಚ್ಚಿದ್ದಷ್ಟೂ ನೀರು ಕೆಟ್ಟದು. ಪ್ರತಿ ಕುಟುಂಬದ ಹುಳಗಳ ಸಂಖ್ಯೆಯನ್ನ ಅದರ ಅಂಕದಿಂದ ಗುಣಿಸಿ, ಎಲ್ಲಾ ಕೂಡಿಸಿ, ಒಟ್ಟು ಹುಳಗಳಿಂದ ಭಾಗಿಸ್ಬೇಕು. ಮೂಲ ಪದ್ಧತಿಯಲ್ಲಿ ಕೀಟ, ಸಿಗಡಿ ಜಾತಿಯಂಥ ಆರ್ತ್ರೊಪಾಡ್‌ಗಳು ಮಾತ್ರ, ಜಿಗಣೆ ಬಸವನಹುಳ ಎರೆಹುಳ ಬಿಡಿ.

ಬಿ ಜಾಗದಲ್ಲಿ ಬೀಟಿಡೇ 30 ಸಿಕ್ಕಿವೆ, ಅಂಕ 4, ಗುಣಿಸಿದ್ರೆ 120. ಸೀನಿಡೇ 10, ಅಂಕ 7, 70. ಹೈಡ್ರೊಸೈಕಿಡೇ 25, ಅಂಕ 4, 100. ಸಿಮುಲಿಡೇ 15, ಅಂಕ 6, 90. ಕೈರೊನೊಮಿಡೇಯಲ್ಲಿ ರಕ್ತಕೆಂಪು ಬಣ್ಣದವನ್ನ ಬೇರೆ ಇಡ್ಬೇಕು, ಆ ಕೆಂಪು ಹಿಮೊಗ್ಲೋಬಿನ್‌ನದು, ಕಡಿಮೆ ಆಕ್ಸಿಜನ್‌ನಲ್ಲೂ ಬದುಕೋಕೆ ಅದೇ ಆಸರೆ. ಕೆಂಪು 60, ಅಂಕ 8, 480. ಬೇರೆ ಬಣ್ಣದವು 40, ಅಂಕ 6, 240. ಒಟ್ಟು 1100, ಹುಳ 180, ಇಂಡೆಕ್ಸ್ 6.11. ಆ ಪಟ್ಟಿಯಲ್ಲಿ 5.76ರಿಂದ 6.50 ಅಂದ್ರೆ ಸುಮಾರಾಗಿ ಕೆಟ್ಟದು, ಗಣನೀಯ ಕೊಳಚೆ ಇದೆ. ಈಗ ಅದೇ ಒಂದು ತೇಲಿಬಂದ ಹೆಪ್ಟಜೀನಿಡೇ ಸೇರಿಸಿ, ಅದರ ಅಂಕ ಇಲ್ಲಿ 4: 1104 ಭಾಗ 181, 6.10. ಅಲುಗಾಡಲೇ ಇಲ್ಲ. ಬಿಎಂಡಬ್ಲ್ಯುಪಿ ಜಿಗಿದು ಇದು ಜಿಗಿಯದೇ ಇದ್ರೆ ಆ ಜಿಗಿತ ಒಂದೆರಡು ಬಿಡಿ ಹುಳದ್ದು ಅಂತ ಗೊತ್ತಾಗುತ್ತೆ.

ಈ ಗುಣ ಸಿಗ್ಬೇಕು ಅಂದ್ರೆ ಎಣಿಕೆ ಪ್ರಾಮಾಣಿಕವಾಗಿರ್ಬೇಕು. ಟ್ರೇಯಲ್ಲಿ ದೊಡ್ಡವು, ಓಡಾಡೋವು ಕಣ್ಣಿಗೆ ಬೀಳ್ತವೆ, ಎಳೆ ತರದ ಮಿಡ್ಜ್ ಲಾರ್ವಾ ಹೂಳಲ್ಲಿ ಮರೆಯಾಗಿರುತ್ತೆ. ಚೆಂದ ಕಾಣೋವನ್ನೇ ಆರಿಸಿ 100 ಎಣಿಸಿದ್ರೆ ನೀರು ಇರೋದಕ್ಕಿಂತ ಒಳ್ಳೇದು ಅಂತ ಬರುತ್ತೆ. ಟ್ರೇಯನ್ನ ಚೌಕಗಳಾಗಿ ಗೆರೆ ಹಾಕಿ, ಚೀಟಿ ಎತ್ತಿ ಬಂದ ಚೌಕದಲ್ಲಿರೋ ಎಲ್ಲವನ್ನೂ ಎಣಿಸಿ ಮುಗಿಸಿಯೇ ಮುಂದಿನ ಚೌಕಕ್ಕೆ ಹೋಗಿ.

ಸ್ಕೋರ್ ಸುಳ್ಳು ಹೇಳೋದು ಯಾವಾಗ

ಈ ಅಂಕಗಳ ಹಿಂದೆ ಇರೋದು ಕೊಳಚೆ, ಅಂದ್ರೆ ಆಕ್ಸಿಜನ್ ಕೊರತೆ. ಬೇರೆ ತರದ ಮಾಲಿನ್ಯಕ್ಕೆ ಇವು ತಯಾರಾಗಿಲ್ಲ. ಆಮ್ಲ ಹೆಚ್ಚಿದ ಹೊಳೆ ಇದಕ್ಕೆ ಒಳ್ಳೇ ಉದಾಹರಣೆ: ಅಲ್ಲಿ ಬಸವನಹುಳ, ಸಿಗಡಿ, ಬಹಳಷ್ಟು ಮೇಫ್ಲೈ ಮಾಯವಾಗ್ತವೆ, ಆದ್ರೆ ಲ್ಯೂಕ್ಟ್ರಿಡೇ, ನೆಮೌರಿಡೇಯಂಥ ಕೆಲವು ಸ್ಟೋನ್‌ಫ್ಲೈಗಳು ಉಳ್ಕೊಳ್ತವೆ, ಅವಕ್ಕೆ 10 ಮತ್ತು 7 ಅಂಕ. ಕುಟುಂಬ ನಾಲ್ಕೈದೇ ಇದ್ರೂ ಎಎಸ್‌ಪಿಟಿ ಮೇಲಕ್ಕೆ ಹೋಗುತ್ತೆ. ಒಟ್ಟು ಸ್ಕೋರ್ ತೀರಾ ಕಡಿಮೆ, ಎಎಸ್‌ಪಿಟಿ ಚೆನ್ನಾಗಿದೆ ಅಂತ ಕಂಡ ತಕ್ಷಣ ಪಿಎಚ್ ನೋಡಿ. ಕೀಟನಾಶಕ ಹರಿದು ಬಂದಿದ್ರೆ ಕೀಟಗಳು, ಸಿಗಡಿ ಜಾತಿಗಳು ಮೊದಲು ಹೋಗ್ತವೆ, ಬಸವನಹುಳ ಎರೆಹುಳ ಆರಾಮಾಗಿರ್ತವೆ, ಸ್ಕೋರ್ ನೋಡಿದ್ರೆ ಥೇಟ್ ಕೊಳಚೆ ತರಾನೇ ಕಾಣುತ್ತೆ. ಆಗ ಆಕ್ಸಿಜನ್ ರೀಡಿಂಗ್, ಕಲ್ಲಿನ ಮೇಲೆ ಬೂದು ಹತ್ತಿಯಂಥ ಸಿವೇಜ್ ಫಂಗಸ್ ಇದೆಯಾ, ಕೆಂಪು ಮಿಡ್ಜ್ ರಾಶಿ ಇದೆಯಾ ಇವನ್ನ ನೋಡ್ಬೇಕು. ಇವ್ಯಾವುದೂ ಇಲ್ಲದೇ ಕೀಟಗಳು ಮಾತ್ರ ಕಾಣೆ ಅಂದ್ರೆ ಚರಂಡಿಯನ್ನ ದೂರೋ ಮುಂಚೆ ಯೋಚನೆ ಮಾಡಿ.

ಕಾಲಮಾನನೂ ಆಟ ಆಡಿಸುತ್ತೆ. ಮೇಫ್ಲೈಗಳು ರೆಕ್ಕೆ ಬಂದು ಹಾರಿಹೋದ ಮೇಲೆ ಹೊಸ ಮರಿಗಳು ಬಲೆ ಕಣ್ಣಿಗೆ ಸಿಗೋಷ್ಟು ದೊಡ್ಡದಾಗೋ ತನಕ ಆ ಕುಟುಂಬ ಇಲ್ಲ ಅಂತಾನೇ ಬರುತ್ತೆ. ಎ ಜಾಗವನ್ನ ಈ ತಿಂಗಳು, ಬಿ ಜಾಗವನ್ನ ಮುಂದಿನ ತಿಂಗಳು ಅಂತ ಮಾಡೋರಿದ್ದಾರೆ, ಆ ಡೇಟಾ ಯಾವ ಉಪಯೋಗಕ್ಕೂ ಬರಲ್ಲ.

ರಿಪೋರ್ಟ್‌ನಲ್ಲಿ ಏನು ಬರೀಬೇಕು

ಮೂರು ಸ್ಯಾಂಪಲ್ ತಗೊಂಡಿದ್ರೆ ಮೂರರ ಎಎಸ್‌ಪಿಟಿಯನ್ನ ಬೇರೆ ಬೇರೆಯಾಗಿ ತೋರಿಸಿ. ಎ ಕಡೆ 6.0ರಿಂದ 6.3, ಬಿ ಕಡೆ 3.5ರಿಂದ 4.3 ಅಂತ ಬಂದ್ರೆ ಎರಡು ಗುಂಪು ಒಂದಕ್ಕೊಂದು ತಾಗ್ತಿಲ್ಲ ಅಂತ ಕಣ್ಣಿಗೇ ಕಾಣುತ್ತೆ. ಆದ್ರೆ ಇಲ್ಲಿ ಒಂದು ಸೂಕ್ಷ್ಮ ಇದೆ: ಒಂದೇ ಜಾಗದ ಮೂರು ಸ್ಯಾಂಪಲ್ ಆ ಜಾಗದ ಬಗ್ಗೆ ಭರವಸೆ ಕೊಡುತ್ತೆ, ಚರಂಡಿಯ ಬಗ್ಗೆ ಅಲ್ಲ. ಚರಂಡಿ ಇರೋದು ಒಂದೇ, ಹಾಗಾಗಿ ಟಿ ಟೆಸ್ಟ್ ಹಾಕಿ ಚರಂಡಿಯೇ ಕಾರಣ ಅಂತ ಸಾಬೀತಾಯ್ತು ಅಂತ ಬರೆದ್ರೆ ಪರೀಕ್ಷಕರು ಹಿಡೀತಾರೆ. ಟೆಸ್ಟ್ ಹೇಳೋದು ಎರಡು ಜಾಗ ಬೇರೆ ಅಂತ ಮಾತ್ರ.

ಕಾರಣದ ಕಡೆ ವಾದ ಕಟ್ಟೋದು ಹುಳಗಳ ಪಟ್ಟಿಯಿಂದ. ನಮ್ಮ ಕೇಸ್‌ನಲ್ಲಿ ಬಿ ಜಾಗದಿಂದ ಹೋಗಿದ್ದು ಯಾವುದು? ಆಕ್ಸಿಜನ್ ಬೇಡಿಕೆ ಹೆಚ್ಚಿರೋ ಸ್ಟೋನ್‌ಫ್ಲೈ, ಚಪ್ಪಟೆ ಮೇಫ್ಲೈ. ಹೊಸದಾಗಿ ಬಂದಿದ್ದು? ಜಿಗಣೆ, ಮತ್ತು ನೀರಿನ ಮೇಲ್ಮೈಗೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಫೈಸಿಡೇ, ಲಿಮ್ನಿಯಿಡೇ ಬಸವನಹುಳಗಳು. ಉಳಿದಿದ್ದು? ಹರಿಯೋ ನೀರಲ್ಲಿ ತೇಲಿ ಬರೋ ಕಣಗಳನ್ನ ಬಲೆ ಕಟ್ಟಿ ಅಥವಾ ಬಾಯಿಯ ಕುಂಚದಲ್ಲಿ ಸೋಸಿ ತಿನ್ನೋ ಹೈಡ್ರೊಸೈಕಿಡೇ, ಸಿಮುಲಿಡೇ, ಕೊಳಚೆ ಕಣ ಅವಕ್ಕೆ ಊಟ. ಆ ಎರಡು ಇನ್ನೂ ಇವೆ ಅನ್ನೋದು ಇನ್ನೊಂದು ವಿಷಯನೂ ಹೇಳುತ್ತೆ, ಬಿ ಜಾಗ ಇನ್ನೂ ಹರೀತಿರೋ ನೀರೇ, ಮಡು ಆಗಿಲ್ಲ, ಹಾಗಾಗಿ ಸ್ಕೋರ್ ಬಿದ್ದಿದ್ದಕ್ಕೆ ಹರಿವು ನಿಂತಿದ್ದು ಕಾರಣ ಅನ್ನೋ ವಾದವನ್ನ ಪಕ್ಕಕ್ಕಿಡಬಹುದು. ಇದರ ಪಕ್ಕದಲ್ಲಿ ಸೂರ್ಯ ಹುಟ್ಟೋ ಮುಂಚೆ ಎರಡೂ ಕಡೆ ತಗೊಂಡ ಆಕ್ಸಿಜನ್ ರೀಡಿಂಗ್ ಇಟ್ಟು, ಚರಂಡಿಯಿಂದ ಇನ್ನೂ ಕೆಳಗೆ ಒಂದು ಮೂರನೇ ಜಾಗ ಮಾಡಿ ಅಲ್ಲಿ ಎಎಸ್‌ಪಿಟಿ ಮತ್ತೆ ಏರ್ತಿದೆಯಾ ನೋಡಿ, ಏರಿದ್ರೆ ಹೊಳೆ ಕೊಳಚೆಯನ್ನ ಅರಗಿಸ್ಕೊಳ್ತಾ ಹೋಗ್ತಿದೆ ಅನ್ನೋದಕ್ಕೆ ಪಟ್ಟಿಯಲ್ಲಿ ವಾಪಸ್ ಬಂದ ಕುಟುಂಬಗಳ ಹೆಸರನ್ನೇ ಬರೀಬಹುದು.